ಬ್ಯಾಡಗಿಯವರು ಗೆಲ್ಲಬೇಕು

ಹಾವೇರಿಯಿಂದ ಹೊರಡುವ ಮುನ್ನ ಪ್ರಿನ್ಸಿಪಾಲರು ಸ್ಪಷ್ಟವಾಗಿ ಹೇಳಿದ್ದರು: ಈ ಸಲ ಹುಡುಗಿಯರು ಫೈನಲ್ ಮುಟ್ಟದಿದ್ದರೆ ಮುಂದಿನ ವರ್ಷ ಥ್ರೋಬಾಲ್ ತಂಡ ಇರುವುದಿಲ್ಲ. ನಾನು ಕನ್ನಡದ ಅಧ್ಯಾಪಕಿ. ಬೇರೆ ಯಾರೂ ಒಪ್ಪದ್ದರಿಂದ ತಂಡದ ಮ್ಯಾನೇಜರ್ ಆದವಳು. ಪ್ರಿನ್ಸಿಪಾಲರ ಮಾತನ್ನು ಹುಡುಗಿಯರಿಗೆ ತಿಳಿಸದೆ, ಬ್ಯಾಡಗಿಯ ಮುಕ್ತ ಮಹಿಳಾ ಪಂದ್ಯಾವಳಿಗೆ ಬಸ್ ಹತ್ತಿಸಿದ್ದೆ.

ಮೈದಾನ ಮೆಣಸಿನಕಾಯಿ ಮಾರುಕಟ್ಟೆಯ ಹಿಂದೆಯೇ ಇತ್ತು. ಗಾಳಿ ತಿರುಗಿದಾಗಲೆಲ್ಲ ಎಲ್ಲರಿಗೂ ಸೀನು. ಬಂದದ್ದು ನಾಲ್ಕೇ ತಂಡ: ನಾವು, ರಾಣೆಬೆನ್ನೂರು, ಕರ್ಜಗಿ ಮತ್ತು ಬ್ಯಾಡಗಿ. ಆಯೋಜಕ ಪರಮೇಶಪ್ಪ ಚೀಟಿ ಎತ್ತಿಸಲು ಡಬ್ಬಿ ತಂದರು.

"ನಾಕೌಟ್ ಮಾಡೂಣ್ರಿ. ಮೂರ ಮ್ಯಾಚಿಗೆ ಮುಗೀತದ."

ಒಂದು ಪಂದ್ಯ ಸೋತರೆ ಮನೆಗೆ. ನಾನು ಅಡ್ಡ ಬಂದೆ. "ಲೀಗ್ ಇಡ್ರಿ ಸರ್. ಎಲ್ಲಾರೂ ಎಲ್ಲಾರ ಜೋಡಿ ಆಡಲಿ. ಮ್ಯಾಲಿನ ಇಬ್ಬರಿಗೆ ಫೈನಲ್."

"ನಾಕ ಟೀಮು, ಒಬ್ಬೊಬ್ಬರಿಗೂ ಮೂರು. ಹನ್ನೆರಡು ಮ್ಯಾಚ್ ಆದ್ವು! ಇರೋದು ಒಂದ ಅಂಗಳ. ಚಂದ್ರನ ಬೆಳಕಿನ್ಯಾಗ ಆಡ್ತೀರೇನು?"

"ನಾವು ಬ್ಯಾಡಗಿ ಜೋಡಿ ಆಡಿದ್ದು, ಬ್ಯಾಡಗಿ ನಮ್ಮ ಜೋಡಿ ಆಡಿದ್ದು ಒಂದ ಮ್ಯಾಚ್ ಅಲ್ರಿ. ಎರಡ ಸಲ ಎಣಿಸೀರಿ. ಹನ್ನೆರಡರಾಗ ಅರ್ಧ, ಆರು. ಫೈನಲ್ ಸೇರಿ ಏಳು."

ಅವರು ಬೆರಳು ಮಡಚಿ ಮಡಚಿ ನೋಡಿ, "ಏಳಾದರ ಆಗ್ತದ ಬಿಡ್ರಿ," ಎಂದರು.

ನಾವು ಬ್ಯಾಡಗಿಯನ್ನೂ ರಾಣೆಬೆನ್ನೂರನ್ನೂ ಮೂರು ಸೆಟ್ ಎಳೆದು ಸೋಲಿಸಿದೆವು. ಕರ್ಜಗಿಯ ಎದುರು ಎರಡೂ ಸೆಟ್ ಕಳೆದುಕೊಂಡೆವು. ಎರಡು ಗೆಲುವು ಸಾಕು ಎಂದುಕೊಂಡಿದ್ದೆ. ಉಳಿದದ್ದು ಬ್ಯಾಡಗಿ–ಕರ್ಜಗಿ ಪಂದ್ಯ ಮಾತ್ರ. ಹುಡುಗಿಯರು ಕೇಕೆ ಹಾಕಲು ಕರ್ಜಗಿಯ ಪಕ್ಕಕ್ಕೆ ಹೋಗಿ ಕೂತರು.

"ಅಲ್ಯಾಕ?" ಎಂದೆ.

"ನಮ್ಮ ತಾಲೂಕ ಅಲ್ರೀ ಮೇಡಂ?" ಎಂದಳು ನಾಯಕಿ ಅಂಜಲಿ. "ಮತ್ತ ನಮ್ಮನ್ನ ಸೋಲಿಸಿದವರು ಗೆದ್ದರ ನಮಗೂ ಮರ್ಯಾದಿ."

ನಮ್ಮ ತಂಡದ ನಾಗಲಕ್ಷ್ಮಿ ಕರ್ಜಗಿಯವಳೇ. ಅವಳ ಅತ್ತಿಗೆ ಆ ತಂಡದಲ್ಲಿದ್ದಳು. ನಮ್ಮ ತಾಲೂಕಿನವರಿಗೆ ನಮ್ಮವರು ಕೂಗದೆ ಇನ್ಯಾರು ಕೂಗಬೇಕು ಎಂದು ನನಗೂ ಅನ್ನಿಸಿತು. ಆದರೂ ಸಮಾಧಾನವಾಗಲಿಲ್ಲ. ಲೆಕ್ಕ ಮಾಡುತ್ತ ನಿಂತೆ. ರಾಣೆಬೆನ್ನೂರಿನವರಿಗೂ ಎರಡು ಗೆಲುವು. ಕರ್ಜಗಿಗೆ ಒಂದು. ಈಗ ಗೆದ್ದರೆ ಅವರಿಗೂ ಎರಡು. ಮೂವರೂ ಸಮ. ಸಮವಾದರೆ ಸೆಟ್ ನೋಡುತ್ತಾರೆ: ನಾವು ಗೆದ್ದದ್ದು ನಾಲ್ಕು, ಸೋತದ್ದೂ ನಾಲ್ಕು. ರಾಣೆಬೆನ್ನೂರು ಗೆದ್ದದ್ದು ಐದು, ಸೋತದ್ದು ಮೂರು. ಕರ್ಜಗಿ ಈಗಲೇ ಮೂರು ಗೆದ್ದು ಎರಡು ಸೋತಿತ್ತು.

ಹೇಗೆ ಕೂಡಿದರೂ ನಾವೇ ಮೂರನೆಯವರು. ಬ್ಯಾಡಗಿ ಗೆದ್ದರೆ ಮಾತ್ರ ನಮಗೆ ಫೈನಲ್. ಒಂದು ಪಂದ್ಯವನ್ನೂ ಗೆಲ್ಲದ ಬ್ಯಾಡಗಿ!

ಅಷ್ಟರಲ್ಲಿ ಬ್ಯಾಡಗಿಯ ನಾಯಕಿ ಜಯವ್ವ ಪರಮೇಶಪ್ಪನವರ ಹತ್ತಿರ ಬಂದಳು. ಅವರ ತಂಡದವರೆಲ್ಲ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು.

"ಅಣ್ಣಾರ, ನಾವಂತೂ ಹೊರಗ ಬಿದ್ದೇವಿ. ಈ ಮ್ಯಾಚ್ ಅವರಿಗೇ ಬಿಟ್ಟುಕೊಡ್ತೀವಿ. ಕೆಲಸ ಅದ."

ಸೋತವರು ಕೊನೆಯ ಪಂದ್ಯ ಬಿಟ್ಟುಕೊಡುವುದು ಇಲ್ಲಿ ದೊಡ್ಡತನ. ಪರಮೇಶಪ್ಪ ಖುಷಿಯಿಂದಲೇ ಸೀಟಿ ಬಾಯಿಗಿಟ್ಟರು.

"ಸರ್, ನಿಲ್ರಿ!" ಎಂದೆ. ಮುಂದೆ ಏನು ಹೇಳಬೇಕೋ ತಿಳಿಯಲಿಲ್ಲ. ನಮಗಾಗಿ ಗೆಲ್ಲಿರಿ ಎನ್ನುವುದು ಸರಿಯೇ? ಸುಮ್ಮನಿರುವುದು ಸರಿಯೇ? "ಜಯವ್ವಾರ, ಬಿಟ್ಟುಕೊಡಬ್ಯಾಡ್ರಿ. ಆಡ್ರಿ. ಸೋತರ ಸೋಲ್ರಿ, ಆದರ ಆಡಿ ಸೋಲ್ರಿ."

ಅವಳು ನನ್ನನ್ನೇ ನೋಡಿದಳು. "ಖರೇ ಹೇಳ್ರಿ. ಯಾರು ಗೆಲ್ಲಬೇಕ್ರಿ ನಿಮಗ?"

"ನೀವು."

ಜಯವ್ವ ಬಾಯಿ ತುಂಬ ನಕ್ಕು ತನ್ನ ತಂಡದವರತ್ತ ತಿರುಗಿದಳು. "ಕೇಳಿದ್ರೇನ ಅಕ್ಕಾರ! ಬೆಳಿಗ್ಗಿಂದ ನಮ್ಮೂರವರ ಬಾಯಾಗೂ ಈ ಮಾತು ಬಂದಿಲ್ಲ. ಬರ್ರಿ, ಲಗೂ ಆಡೂಣು."

ಮೊದಲ ಸೆಟ್ ಕರ್ಜಗಿಗೆ. ನಮ್ಮ ಹುಡುಗಿಯರು ಎದ್ದು ಕುಣಿದರು. ಎರಡನೆಯದು ಬ್ಯಾಡಗಿಗೆ. ಹುಡುಗಿಯರ ಮುಖ ಬಾಡಿತು. ಇನ್ನು ತಡೆಯಲಾಗದೆ ಓಡಿಹೋಗಿ ಎಲ್ಲವನ್ನೂ ಹೇಳಿಬಿಟ್ಟೆ, ಪ್ರಿನ್ಸಿಪಾಲರ ಮಾತನ್ನೂ.

"ಹಂಗಾರ ಇಷ್ಟೊತ್ತು ನಮ್ಮ ಸೋಲಿಗೇ ಚಪ್ಪಾಳಿ ಹೊಡದ್ವೇನ್ರಿ?" ಎಂದಳು ಅಂಜಲಿ.

ನಾಗಲಕ್ಷ್ಮಿ ಅತ್ತಿಗೆಯತ್ತ ನೋಡಿದಳು, ನನ್ನತ್ತ ನೋಡಿದಳು. "ನಾ ಸುಮ್ಮನ ಕುಂದರ್ತೀನ್ರಿ ಮೇಡಂ. ಬ್ಯಾಡಗಿ ಅಂತ ನನ್ನ ಬಾಯಿಂದ ಬರಂಗಿಲ್ಲ."

ಮೂರನೆಯ ಸೆಟ್ ಪೂರ್ತಿ ನಮ್ಮ ಸಾಲು ಮೌನವಾಗಿತ್ತು. ಕರ್ಜಗಿಯವರು ನಡುನಡುವೆ ನಮ್ಮತ್ತ ತಿರುಗಿ, ಇವರಿಗೇನಾಯಿತು ಎಂಬಂತೆ ನೋಡುತ್ತಿದ್ದರು. ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ. ಕೊನೆಗೆ ಜಯವ್ವ ಎಸೆದ ಚೆಂಡು ನಾಗಲಕ್ಷ್ಮಿಯ ಅತ್ತಿಗೆಯ ಕೈಗೆ ತಾಗಿ, ಜಾರಿ, ನೆಲಕ್ಕೆ ಬಿತ್ತು.

ನಾವು ಫೈನಲ್‌ನಲ್ಲಿದ್ದೆವು. ಯಾರೂ ಏಳಲಿಲ್ಲ. ನಾಗಲಕ್ಷ್ಮಿ ಅಳುತ್ತಿದ್ದಳು, ಅವಳನ್ನು ತಬ್ಬಿಕೊಂಡ ಅಂಜಲಿ ನಗುತ್ತಿದ್ದಳು. ಅತ್ತಿಗೆಯೇ ನಮ್ಮತ್ತ ಬಂದು ನಾಗಲಕ್ಷ್ಮಿಯ ತಲೆಗೆ ಮೆಲ್ಲಗೆ ಮೊಟಕಿದಳು.

"ಯಾಕ ಅಳ್ತಿ, ಹುಚ್ಚಿ? ಸೋತಾಕಿ ನಾನು. ಏಳು, ರಾಣೆಬೆನ್ನೂರಿನವರು ಅಂಗಳಕ್ಕ ಇಳದಾರ."