ಗರಗರ ಎನ್ನುವ ಸಾಕ್ಷಿ

ಡಿಸ್ಕಕ್ಕನ ಅಂಗಡಿ ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅಳಿಸಿಹೋದ ಫೋಟೊ, ಕೆಟ್ಟು ಕೂತ ಕಂಪ್ಯೂಟರು, ನೀರು ಕುಡಿದ ಲ್ಯಾಪ್‌ಟಾಪು ಹೊತ್ತು ಮೆಟ್ಟಿಲು ಹತ್ತಿ ಬರುವವರ ಮುಖದಲ್ಲೆಲ್ಲ ಒಂದೇ ಬಗೆಯ ಸೂತಕದ ಕಳೆ. ಇಪ್ಪತ್ತು ವರ್ಷದಿಂದ ಆಕೆ ಇಂಥವರ ಡಿಸ್ಕು ಬಿಚ್ಚಿ, ಸತ್ತದ್ದನ್ನು ಎಬ್ಬಿಸಿ ಕೊಡುತ್ತಾ ಬಂದಿದ್ದಳು. ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಕಟ್ಟಿಕೊಂಡ ಗಂಡನೇ ಅಂಗಡಿಗೆ ಫೋನು ಮಾಡಿ "ಡಿಸ್ಕಕ್ಕ ಇದಾರಾ?" ಅನ್ನುತ್ತಿದ್ದ.

ಒಂದು ಸೋಮವಾರ ಬೆಳಿಗ್ಗೆ ಸರ್ಕಾರಿ ಕಟ್ಟಡಗಳ ಕಚೇರಿಯಿಂದ ಆಕೆಗೆ ಕರೆ ಬಂತು. ಸಾರ್ವಜನಿಕ ಗ್ರಂಥಾಲಯದ ಓದುವ ಕೋಣೆಯ ಚಾವಣಿ ಹಿಂದಿನ ತಿಂಗಳು ಕುಸಿದು ಬಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಊಟದ ಹೊತ್ತಾದ್ದರಿಂದ ಕುರ್ಚಿಗಳು ಸತ್ತವೇ ಹೊರತು ಮನುಷ್ಯರು ಸಾಯಲಿಲ್ಲ. ಆ ಕಟ್ಟಡ ನೋಡಿಕೊಳ್ಳುವ ಓವರ್‌ಸಿಯರ್, "ಬೀಳುವ ಮೂರು ವಾರ ಮೊದಲೇ ಬಿರುಕು ಅಳೆದು, ಫೋಟೊ ತೆಗೆದು, ಬಾಗಿಲು ಹಾಕಿಸಿ ಅಂತ ವರದಿ ಕೊಟ್ಟಿದ್ದೆ" ಎಂದ. ಕಚೇರಿಯ ಮುಖ್ಯಸ್ಥರಾದ ಸಾಹೇಬರು, "ಅಂಥ ವರದಿ ಹುಟ್ಟಿಯೇ ಇಲ್ಲ" ಎಂದರು. ಕಾಗದದ ಪ್ರತಿ ಕಡತದ ಸಮೇತ ಮಾಯವಾಗಿತ್ತು. ಕಚೇರಿಯ ದಾಖಲೆಯ ನಕಲನ್ನು ಯಾರೂ ಸ್ವಂತಕ್ಕೆ ಇಟ್ಟುಕೊಳ್ಳಬಾರದೆಂದು ಒಂದು ನಿಯಮವಿತ್ತು. ಇಡೀ ಕಚೇರಿಯಲ್ಲಿ ಅದನ್ನು ಪಾಲಿಸಿದವನು ಓವರ್‌ಸಿಯರ್ ಒಬ್ಬನೇ. ಹೀಗೆ ನಿಯಮ ಪಾಲಿಸಿದ ಪುಣ್ಯಕ್ಕೆ ಅವನು ಅಮಾನತಾಗಿದ್ದ. ವರದಿ ಸಿಗದೆ ಹೋದರೆ ಅವನು ಕೆಲಸದಿಂದಲೇ ವಜಾ ಆಗುವುದಿತ್ತು.

ಡಿಸ್ಕಕ್ಕ ಹೋದಾಗ ಅವನು ಹೊರಗಿನ ಬೆಂಚಿನ ಮೇಲೆ ಕೂತು, ಜೇಬಿನ ಅಳತೆ ಟೇಪನ್ನು ಎಳೆಯುತ್ತ ಬಿಡುತ್ತ ಇದ್ದ. ಅವಳನ್ನು ಕಂಡದ್ದೇ ಎದ್ದು ನಿಂತ.

"ಅಕ್ಕಾ, ಸಾಹೇಬ್ರ ಕಂಪ್ಯೂಟರಲ್ಲಿ ಇತ್ತು. ನಾನೇ ಪೆನ್‌ಡ್ರೈವಲ್ಲಿ ಹಾಕ್ಕೊಟ್ಟಿದ್ದೆ. ಆಮೇಲೆ ಅದನ್ನೂ ಅವ್ರೇ ಇಟ್ಕೊಂಡ್ರು. ನೀವು ಅಳಿಸಿದ್ದನ್ನೆಲ್ಲ ತೆಗೀತೀರಂತೆ?"

"ನೋಡೋಣಪ್ಪ" ಎಂದಳು ಡಿಸ್ಕಕ್ಕ. ಅವಳ ಬಾಯಲ್ಲಿ "ನೋಡೋಣ" ಎಂದರೆ ಅರ್ಧ ಗೆದ್ದಂತೆ ಎಂದು ಊರವರು ಹೇಳುತ್ತಿದ್ದುದು ಅವಳಿಗೂ ಗೊತ್ತಿತ್ತು, ಹೆಮ್ಮೆಯೂ ಇತ್ತು.

ಆ ಹೆಮ್ಮೆ ಸಾಹೇಬರ ಕೋಣೆಯ ಬಾಗಿಲವರೆಗೆ ಬಾಳಿತು. ಒಳಗೆ ಕಂಪ್ಯೂಟರಿಗೆ ಬಿಳಿ ಬಟ್ಟೆ ಹೊದಿಸಿ, ದಾರ ಸುತ್ತಿ, ಅರಗಿನ ಮುದ್ರೆ ಒತ್ತಿದ್ದರು. ಪಕ್ಕದಲ್ಲಿ ಸ್ಟೂಲಿನ ಮೇಲೆ ಹಿರಿಯ ಜವಾನ ಕಾವಲಿಗಿದ್ದ. ಬಟ್ಟೆಯ ಒಳಗಿಂದ ಒಂದು ಹಸಿರು ದೀಪ ಮಿಣುಕುತ್ತಿತ್ತು.

"ಇದನ್ನ ಆರಿಸಿಲ್ವಾ?"

"ಎಲ್ಲಾದ್ರೂ ಉಂಟಾ ಅಕ್ಕಾ! ಇದ್ದ ಸ್ಥಿತೀಲೇ ಇರ್ಬೇಕು ಅಂತ ಆರ್ಡರಾಗಿದೆ. ಹನ್ನೊಂದು ದಿನ ಆಯ್ತು. ಕರೆಂಟ್ ಹೋದ್ರೂ ಆರಬಾರ್ದು ಅಂತ ಬ್ಯಾಟರಿ ಬೇರೆ ಹಾಕ್ಸಿದೀವಿ. ಒಂದು ನೊಣ ಕೂರೋಕೂ ಬಿಟ್ಟಿಲ್ಲ ನಾನು."

ಡಿಸ್ಕಕ್ಕ ಹಣೆ ಚಚ್ಚಿಕೊಂಡಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರನ್ನು ಆಕೆ ಕಂಡಿದ್ದಳು. ಸೂರೆ ಮಾಡುವವನನ್ನು ಒಳಗೇ ಕೂಡಿಹಾಕಿ, ಹೊರಗೆ ಕಾವಲು ಕೂತವರನ್ನು ಕಂಡಿರಲಿಲ್ಲ.

ಡಿಸ್ಕನ್ನು ಬಿಚ್ಚಿ, ಅದರ ಮೇಲೆ ಹೊಸದೇನೂ ಬರೆಯದಂತೆ ತಡೆಯುವ ತನ್ನ ಪೆಟ್ಟಿಗೆಗೆ ಸಿಕ್ಕಿಸಿ, ಸಂಜೆಯವರೆಗೆ ಕೂತು ಓದಿದಳು. ಇರುವ ಕಡತಗಳೆಲ್ಲ ಇದ್ದವು. ಅಳಿಸಿದ ಜಾಗವೆಲ್ಲ ಸೊನ್ನೆ, ಸೊನ್ನೆ, ಬರೀ ಸೊನ್ನೆ. ಅಳಿಸಿದ ಕಡತಗಳ ಹೆಸರಿನ ಸಾಲು ಕೂಡ ಉಳಿದಿರಲಿಲ್ಲ. ಹನ್ನೊಂದು ದಿನ ಉರಿಯುತ್ತಿದ್ದ ಯಂತ್ರ ತನ್ನ ಪಾಡಿಗೆ ತಾನು ಅಪ್‌ಡೇಟು ಹಾಕಿಕೊಂಡು, ಆ ಸಾಲಿನ ಮೇಲೆ ಬೇರೆ ಏನೋ ಬರೆದುಕೊಂಡಿತ್ತು.

ಈ ಪ್ರಕರಣದ ವಿಚಾರಣಾಧಿಕಾರಿ, ನಿವೃತ್ತಿಯಾದ ಮೇಲೂ ಸರ್ಕಾರ ಬಿಡದೆ ಇಟ್ಟುಕೊಂಡ ಮುದುಕರು. ಕೆಮ್ಮಿದರೂ ಬರೆದುಕೊಳ್ಳುವ ಸ್ವಭಾವ. ಅವರು ಪೆನ್ನು ತೆರೆದು "ನಂಗೆ ಅರ್ಥ ಆಗೋ ಹಾಗೆ ಹೇಳಮ್ಮ" ಎಂದರು.

"ಹಳೇ ಡಿಸ್ಕು ಒಂದು ವಠಾರ ಇದ್ದ ಹಾಗೆ ಸಾರ್. ಅಳಿಸಿ ಅಂದ್ರೆ ಅದು ಬಾಗಿಲ ಮೇಲಿನ ಹೆಸರಿನ ಹಲಗೆ ತೆಗೀತದೆ, ಅಷ್ಟೆ. ಮನೆಯವರು ಒಳಗೇ ಇರ್ತಾರೆ. ಬೇರೆ ಬಾಡಿಗೆಯವರು ಬಂದು ಸಾಮಾನು ಇಳಿಸೋವರ್ಗೂ ನಾನು ಹೋಗಿ ಬಾಗಿಲು ತಟ್ಟಿ ಕರ್ಕೊಂಡು ಬರ್ಬಹುದು."

"ಇದು?"

"ಇದು ಹೊಸ ಥರದ ಚಿಪ್ಪಿನ ಡಿಸ್ಕು, ಹಳೇದರ ಹಾಗೆ ತಿರುಗೋ ತಟ್ಟೆ ಇಲ್ಲ. ತುಂಬಿದ ಕೋಣೇಲಿ ಇದಕ್ಕೆ ನೇರವಾಗಿ ಬರೆಯೋಕೆ ಬರಲ್ಲ, ಮೊದ್ಲು ತೊಳೀಬೇಕು. ಅದಕ್ಕೇ ನೀವು ಅಳಿಸಿದ ತಕ್ಷಣ ಕಂಪ್ಯೂಟರು ಡಿಸ್ಕಿಗೆ ಹೇಳಿಬಿಡತ್ತೆ, ಈ ಕೋಣೆಗಳು ಇನ್ನು ಬೇಡ ಅಂತ. ಟ್ರಿಮ್ ಅಂತಾರೆ. ಅಲ್ಲಿಂದಾಚೆಗೆ ಕೇಳಿದ್ರೆ 'ಖಾಲಿ' ಅಂತಲೇ ಉತ್ತರ. ಬಿಡುವಾದಾಗ ಡಿಸ್ಕು ತಾನೇ ಕೂತು ತೊಳೆದೂ ಹಾಕತ್ತೆ. ಕರೆಂಟೊಂದಿದ್ರೆ ಸಾಕು. ಅಳಿಸಿದ ಕೂಡ್ಲೆ ತಂತಿ ಕಿತ್ತು ನಂಗೆ ತಂದ್ಕೊಟ್ಟಿದ್ರೂ ನೂರಕ್ಕೆ ಒಂದು ಪಾಲು ಸಿಕ್ತಿತ್ತೋ ಏನೋ. ನೀವು ಹನ್ನೊಂದು ದಿನ ಬ್ಯಾಟರಿ ಕೊಟ್ಟು ತೊಳೆಸಿದೀರಿ."

ಮುದುಕರು ಪೆನ್ನು ನಿಲ್ಲಿಸಿದರು. ಕಾವಲಿನ ಆರ್ಡರಿಗೆ ಸಹಿ ಹಾಕಿದವರು ಅವರೇ.

ಸಾಹೇಬರ ಮುಖ ಮಾತ್ರ ಹುಣ್ಣಿಮೆಯಾಗಿತ್ತು. ಮಾಹಿತಿ ಸುರಕ್ಷತೆಯ ಬಗ್ಗೆ ಒಂದು ದಿನದ ತರಬೇತಿಗೆ ಹೋಗಿ, ಹೊಸ ಡಿಸ್ಕಿನಲ್ಲಿ ಅಳಿಸಿದ್ದು ಮತ್ತೆ ಸಿಗದು ಎಂಬ ಈ ಒಂದೇ ಪಾಠ ಕಲಿತು ಬಂದಿದ್ದರು. "ನೋಡಿದ್ರಾ? ಇಲ್ಲ ಅಂದ್ಮೇಲೆ ಇಲ್ಲ!"

"ಸಿಗಲಿಲ್ಲ ಅಂದ್ರೆ ಇರ್ಲಿಲ್ಲ ಅಂತ ಅರ್ಥ ಅಲ್ಲ ಸಾರ್" ಎಂದಳು ಡಿಸ್ಕಕ್ಕ. "ಓವರ್‌ಸಿಯರು ವರದಿ ಟೈಪ್ ಮಾಡಿದ್ದು ಎಲ್ಲಿ?"

"ಟೈಪಿಂಗ್ ಕೋಣೇಲಿ" ಎಂದ ಬಾಗಿಲಲ್ಲಿ ನಿಂತ ಓವರ್‌ಸಿಯರ್. "ಅಲ್ಲೂ ಸಾಹೇಬ್ರೇ ಬಂದು ಎಲ್ಲ ಸ್ವಚ್ಛ ಮಾಡಿ ಹೋಗಿದಾರೆ."

"ಅದೂ ಹೊಸ ಡಿಸ್ಕೇ!" ಎಂದು ಸಾಹೇಬರು ಕಡತ ಬಡಿದರು. "ಹನ್ನೆರಡು ಕಂಪ್ಯೂಟರನ್ನೂ ಹೋದ ವರ್ಷ ನವೀಕರಿಸಿ ಆಗಿದೆ. ದೃಢೀಕರಣ ಪತ್ರ ಇಲ್ಲಿದೆ. ಪ್ರತಿಯೊಂದಕ್ಕೂ ಹಳದಿ ಚೀಟಿ ಅಂಟಿಸಿದೀವಿ."

ಮುದುಕರು ಪತ್ರ ಓದಿದರು, ಸಹಿ ನೋಡಿದರು, ತಲೆಯಾಡಿಸಿದರು. ಹಾಗಾದರೆ ಅಲ್ಲೂ ಸೊನ್ನೆಯೇ; ಹುಡುಕಿ ಫಲವಿಲ್ಲ. ಓವರ್‌ಸಿಯರ್ ಟೇಪನ್ನು ಜೇಬಿಗೆ ಹಾಕಿಕೊಂಡು ಗೋಡೆಗೆ ಒರಗಿದ. ಡಿಸ್ಕಕ್ಕನಿಗೆ ಅವನ ಮುಖ ನೋಡಲಾಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಜನರಿಗೆ ಮದುವೆ ಫೋಟೊ ಎಬ್ಬಿಸಿಕೊಟ್ಟ ಕೈ ಒಬ್ಬ ಪ್ರಾಮಾಣಿಕನ ಅನ್ನ ಉಳಿಸಲಾರದೆ ಹೋಯಿತಲ್ಲ ಎಂದುಕೊಂಡಳು.

"ನಿಮ್ಮ ಹೇಳಿಕೆ ಟೈಪ್ ಮಾಡಿಸ್ಬೇಕು. ಸಾಹೇಬ್ರ ಕಂಪ್ಯೂಟರು ಬಿಚ್ಚಿದೆ. ಟೈಪಿಂಗ್ ಕೋಣೇದು ಹಾಕಪ್ಪ" ಎಂದರು ಮುದುಕರು ಜವಾನನಿಗೆ.

ಡಿಸ್ಕಕ್ಕ ಚೀಲಕ್ಕೆ ಸ್ಕ್ರೂಡ್ರೈವರು ತುಂಬುತ್ತಿದ್ದಳು. ಪಕ್ಕದ ಕೋಣೆಯಿಂದ ಮೊದಲು ಕಿರ್ ಎಂದಿತು. ಆಮೇಲೆ, ಹೊಟ್ಟೆ ಕೆಟ್ಟ ಎಮ್ಮೆ ಮೆಲುಕು ಹಾಕಿದ ಹಾಗೆ, ಗರಗರ, ಟಿಕ್‌ಟಿಕ್, ಗರಗರ.

ಚಿಪ್ಪಿನ ಡಿಸ್ಕಿಗೆ ಬಾಯಿಲ್ಲ. ತಿರುಗುವ ತಟ್ಟೆ ಇದ್ದರೆ ಮಾತ್ರ ಈ ಸದ್ದು.

ಐವತ್ತು ದಾಟಿದ ಡಿಸ್ಕಕ್ಕ ಓಡಿದ್ದನ್ನು ಆ ಕಚೇರಿ ಇನ್ನೂ ಮಾತಾಡಿಕೊಳ್ಳುತ್ತದೆ. ಸ್ಟೂಲು ಬಿತ್ತು, ಎರಡು ಕಡತ ಹಾರಿದವು. ಜವಾನನ ಬೆರಳು ಕೀಲಿಮಣೆಗೆ ತಾಗುವ ಮೊದಲೇ ಆಕೆ ಗೋಡೆಯಿಂದ ಪ್ಲಗ್ಗು ಕಿತ್ತು ಹಾಕಿದ್ದಳು.

"ಸರ್ಕಾರಿ ಆಸ್ತಿ!" ಎಂದು ಸಾಹೇಬರು ಕೂಗಿದರು.

"ಒಂದಕ್ಷರಾನೂ ಬರೀಬೇಡಿ ಇದ್ರಲ್ಲಿ! ಹೊಸ ಬಾಡಿಗೆಯವರನ್ನ ಕರ್ಕೊಂಡು ಬಂದು ಬಿಡ್ತಿದ್ರಲ್ರೀ!" ಎಂದು ಡಿಸ್ಕಕ್ಕ ಏದುಸಿರು ಬಿಟ್ಟಳು. "ಇದನ್ನ ಈ ಹನ್ನೊಂದು ದಿನ ಯಾರು ಬಳಸಿದ್ರಿ?"

ಯಾರೂ ಬಳಸಿರಲಿಲ್ಲ. ಹೊತ್ತಿಕೊಳ್ಳಲು ಅರ್ಧ ಗಂಟೆ ಬೇಡುವ ಯಂತ್ರವನ್ನು ಓವರ್‌ಸಿಯರ್ ಬಿಟ್ಟರೆ ಯಾರೂ ಮುಟ್ಟುತ್ತಿರಲಿಲ್ಲ, ಅವನು ಅಮಾನತಾದ ದಿನ ಸಾಹೇಬರು ಅಳಿಸಿ ಹೋದ ಮೇಲೆ ಅದು ಆರಿಯೇ ಇತ್ತು.

ಹೊರಗವಚ ಬಿಚ್ಚಿದಾಗ ನಿಜ ಹೊರಬಿತ್ತು. ಹನ್ನೆರಡು ಹೊಸ ಡಿಸ್ಕಿಗೆ ಮಂಜೂರಾತಿ ಆಗಿದ್ದರೂ ಬಂದದ್ದು ಒಂದೇ ಒಂದು. ಅದು ಸಾಹೇಬರ ಪಾಲಾಯಿತು. ಅವರ ಹಳೆಯದು ಹೆಡ್‌ಕ್ಲಾರ್ಕಿಗೆ, ಹೆಡ್‌ಕ್ಲಾರ್ಕಿನದು ಮತ್ತೊಬ್ಬರಿಗೆ ಎಂದು ಪದವಿಯ ಮೆಟ್ಟಿಲಿಳಿಯುವುದು ಕಚೇರಿಯ ಪದ್ಧತಿ. ಆದರೆ ಸಾಹೇಬರ ಹಳೆ ಡಿಸ್ಕು ಆಗಲೇ ಗರಗರ ಎನ್ನುತ್ತಿದ್ದುದರಿಂದ ಹೆಡ್‌ಕ್ಲಾರ್ಕು, ನಡುವಿನವರು ಎಲ್ಲ ಮೂಗು ಮುರಿದರು, ಅದು ಸೀದಾ ಕೊನೆಯ ಮೆಟ್ಟಿಲಾದ ಟೈಪಿಂಗ್ ಕೋಣೆಗೆ ಉರುಳಿತ್ತು. ಹಳದಿ ಚೀಟಿಗಳು ಮಾತ್ರ ಹನ್ನೆರಡೂ ಬಂದಿದ್ದವು, ಹನ್ನೆರಡನ್ನೂ ಅಂಟಿಸಿದರು. ಸಾಹೇಬರು ಕುರ್ಚಿಯಿಂದ ಏಳದೆ, ಕಾಗದ ಓದದೆ, ದೃಢೀಕರಣಕ್ಕೆ ಸಹಿ ಹಾಕಿದ್ದರು. ಸಹಿ ಹಾಕಿದ್ದೇ ಸತ್ಯವೆಂದು ನಂಬುವ ಕಚೇರಿಯಲ್ಲಿ, ತಮ್ಮ ಸಹಿಯನ್ನು ಮೊದಲು ನಂಬಿದವರು ಅವರೇ.

ಡಿಸ್ಕಕ್ಕ ಅದರ ಪೂರ್ತಿ ಪ್ರತಿ ತೆಗೆದು, ಮೂಲವನ್ನು ಮುಟ್ಟದೆ, ಪ್ರತಿಯಲ್ಲಿ ಹುಡುಕಿದಳು. ಗುರುವಾರ ಎಲ್ಲರೂ ಸೇರಿದಾಗ ಗೋಡೆಯ ಪರದೆಯ ಮೇಲೆ ವರದಿ ಮೂಡಿತು. ಬಿದ್ದ ದಿನಕ್ಕಿಂತ ಮೂರು ವಾರ ಹಿಂದಿನ ತಾರೀಖು. ಬಿರುಕಿನ ಉದ್ದ, ಅಗಲ. ಐದು ಫೋಟೊ, ಒಂದರ ಕೆಳಗಿನ ಅರ್ಧ ಬೂದು ಪಟ್ಟಿಯಾಗಿತ್ತು, ಉಳಿದ ನಾಲ್ಕರಲ್ಲಿ ಚಾವಣಿ ಬಾಯಿ ಬಿಟ್ಟುಕೊಂಡಿತ್ತು. "ಜನರನ್ನು ಕೂಡಲೇ ಒಳಗೆ ಬಿಡುವುದನ್ನು ನಿಲ್ಲಿಸಬೇಕು" ಎಂಬ ಕೊನೆಯ ಸಾಲನ್ನು ಓವರ್‌ಸಿಯರ್ ತಾನೇ ಗಟ್ಟಿಯಾಗಿ ಓದಿದ. ಅವನು ಅಳತೆ ಟೇಪಿನಿಂದಲೇ ಕಣ್ಣು ಒರೆಸಿಕೊಳ್ಳಲು ಹೋದ.

ಸಾಹೇಬರು ಎದ್ದು ನಿಂತರು. "ಆಕ್ಷೇಪಣೆ! ಆ ಯಂತ್ರದಲ್ಲಿ ಹೊಸ ಡಿಸ್ಕು ಇದೆ ಅಂತ ದಾಖಲೆ ಹೇಳತ್ತೆ. ಹಳೇದು ಎಲ್ಲಿಂದ ಬಂತು? ಇದು ನಮ್ಮ ಕಚೇರೀದೇ ಅಲ್ಲ. ಯಾರೋ ಹೊರಗಿಂದ ತಂದು ತುರುಕಿದಾರೆ!"

ಮುದುಕರು ಬರೆದುಕೊಂಡರು. "ಹೌದಲ್ಲ. ಇದು ಯಾರ ಡಿಸ್ಕು ಅಂತ ಹೇಳೋಕಾಗತ್ತಾಮ್ಮ?"

"ನೋಡೋಣ ಸಾರ್" ಎಂದಳು ಡಿಸ್ಕಕ್ಕ. "ಹಳೇ ವಠಾರ ಅಲ್ವಾ, ಹಿಂದಿನ ಬಾಡಿಗೆಯವರೂ ಮೂಲೇಲಿ ಉಳ್ಕೊಂಡಿರ್ತಾರೆ."

ಒಂದು ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದು ರಜೆ ಅರ್ಜಿ ಬಂತು: ತಾಯಿಗೆ ತೀವ್ರ ಅಸ್ವಸ್ಥತೆ, ಹತ್ತು ದಿನ ರಜೆ ಬೇಕು. ಕೆಳಗೆ ಸಾಹೇಬರ ಹೆಸರು. ಮತ್ತೆ ಒತ್ತಿದಳು. ಅದೇ ಹತ್ತು ದಿನದ ನಡುವಿನ ಒಂದು ಫೋಟೊ: ಸಮುದ್ರ ತೀರ, ಹೂವಿನ ಅಂಗಿ, ಕಪ್ಪು ಕನ್ನಡಕ, ಒಳಗೆ ಸಾಹೇಬರು. ಮುಂದಿನದರಲ್ಲಿ ತಾಯಿಯೂ ಇದ್ದರು, ಬಾಳೆಹಣ್ಣಿನಾಕಾರದ ದೋಣಿಯ ಮೇಲೆ ಎರಡೂ ಕೈ ಎತ್ತಿ, ಬಹಳ ಆರೋಗ್ಯವಾಗಿ.

ಜವಾನ ಕೆಮ್ಮಿದ. ಮುದುಕರು ಅದನ್ನು ಬರೆದುಕೊಳ್ಳಲಿಲ್ಲ.

"ಇನ್ನೂ ನಾನೂರು ಚಿಲ್ಲರೆ ಇದಾವೆ" ಎಂದು ಡಿಸ್ಕಕ್ಕ ಮತ್ತೆ ಗುಂಡಿಯತ್ತ ಬೆರಳು ಒಯ್ದಳು.

"ಸಾಕು! ಸಾಕು ನಿಲ್ಸಿ!" ಸಾಹೇಬರು ಪರದೆಗೆ ಅಡ್ಡ ನಿಂತರು; ದೋಣಿ ಅವರ ಅಂಗಿಯ ಮೇಲೆ ತೇಲಿತು. "ಅದು ನನ್ನ ಹಳೇ ಡಿಸ್ಕೇ. ಇಲ್ಲೀದೇ. ಮುಂದಕ್ಕೆ ಹೋಗ್ಬೇಡಿ."

"ಸ್ವಲ್ಪ ನಿಧಾನ" ಎಂದರು ಮುದುಕರು. "'ಅದು ನನ್ನ ಹಳೇ ಡಿಸ್ಕೇ. ಇಲ್ಲೀದೇ.' ಸರಿಯಾಗಿ ಬರ್ದಿದೀನಾ? ಇಲ್ಲೊಂದು ಸಹಿ ಹಾಕ್ಬಿಡಿ."

ಸಾಹೇಬರು ಕಾಗದ ತೆಗೆದುಕೊಂಡರು. ನೌಕರಿಗೆ ಸೇರಿದ ಮೇಲೆ ಮೊದಲ ಸಲ, ಸಹಿ ಹಾಕುವ ಮುಂಚೆ ಅದನ್ನು ಓದಿದರು.