ನಡುವಿನ ಪ್ಲಾನಿನ ಮಹಿಮೆ

ಭಾವ ತಾವಾಗಿಯೇ ಕಾಫಿ ತಂದು ನನ್ನ ಮೇಜಿನ ಮೇಲಿಟ್ಟಾಗಲೇ ಏನೋ ಮಸಲತ್ತು ಅನ್ನಿಸಿತು. ಅಕ್ಕನ ಗಂಡ ಅಂತ ಮನೆಯಲ್ಲಿ ಮರ್ಯಾದೆ ಕೊಡ್ತೀನಿ, ಆಫೀಸಿನಲ್ಲಿ ನಂಬೋಕಾಗಲ್ಲ. ನಮ್ಮದು ಸಂಗೀತ ಕಲಿಸುವ ಆ್ಯಪ್. ಬೆಲೆ ಗೊತ್ತುಮಾಡೋದು ಅವರ ಕೆಲಸ, ಅಂಕಿಅಂಶ ನೋಡೋದು ನನ್ನದು.

"ಮೀಟಿಂಗಿಗೆ ಯಾವ ಪ್ಲಾನಿಗೆ ಎಷ್ಟು ಪಾಲು ಅನ್ನೋ ಚಿತ್ರ ಒಂದೇ ಸಾಕು ಕಣೇ. ಮಿಕ್ಕಿದ್ದೆಲ್ಲ ಹಾಕಿ ಕಂಪನಿ ಯಜಮಾನರ ತಲೆ ತಿನ್ಬೇಡ," ಅಂದರು.

ಮೊದಲು ನಮಗಿದ್ದದ್ದು ಎರಡೇ ಪ್ಲಾನ್: ಬೇಸಿಕ್ ನೂರು ರೂಪಾಯಿ, ಪ್ರೀಮಿಯಂ ಮುನ್ನೂರು. ಭಾವ ನಡುವೆ ಇನ್ನೂರ ಎಪ್ಪತ್ತರದ್ದೊಂದು ತುರುಕಿದರು. ಅದನ್ನು ಯಾರೂ ಕೊಳ್ಳಬೇಕಿಲ್ಲ. ಅದನ್ನು ನೋಡಿ, 'ಇನ್ನೊಂದು ಮೂವತ್ತು ಹಾಕಿದ್ರೆ ಪ್ರೀಮಿಯಮ್ಮೇ ಸಿಗುತ್ತಲ್ಲ' ಅನ್ನಿಸಿದರೆ ಸಾಕು. ಕೊಂಡವರಲ್ಲಿ ಪ್ರೀಮಿಯಂ ಪಾಲು ನೂರಕ್ಕೆ ಮೂವತ್ತರಿಂದ ನಲವತ್ತಕ್ಕೆ ಏರಿತ್ತು. ಯಜಮಾನರು ಹೂಂ ಅಂದರೆ ಭಾವ ವಿಭಾಗದ ಮುಖ್ಯಸ್ಥರು. ಅಕ್ಕ ಆಗಲೇ ಬಂಧುಬಳಗಕ್ಕೆಲ್ಲ ಸಾರಿಬಿಟ್ಟಿದ್ದಳು.

ಮಿಕ್ಕಿದ್ದು ಬೇಡ ಅಂದರೆ ನಾನು ಬಿಡ್ತೀನಾ? ಪರೀಕ್ಷೆಗೆ ಅಂತ, ಬಂದವರಲ್ಲಿ ಅರ್ಧ ಜನಕ್ಕೆ ಚೀಟಿ ಎತ್ತಿದ ಹಾಗೆ ಹಳೆಯ ಎರಡು ಪ್ಲಾನಿನ ಪುಟವನ್ನೇ ತೋರಿಸುತ್ತಿದ್ದೆವು. ಕೊಂಡವರನ್ನಷ್ಟೇ ಎಣಿಸದೆ, ಪುಟ ತೆರೆದವರನ್ನೆಲ್ಲ ಲೆಕ್ಕಕ್ಕೆ ಹಿಡಿದೆ. ಹಳೆಯ ಪುಟದಲ್ಲಿ ನೂರು ಜನರಲ್ಲಿ ಹದಿನಾಲ್ಕು ಬೇಸಿಕ್, ಆರು ಪ್ರೀಮಿಯಂ. ಹೊಸದರಲ್ಲಿ ಎಂಟು ಬೇಸಿಕ್, ಒಂದು ನಡುವಿನದು, ಆರು ಪ್ರೀಮಿಯಂ.

ಅಯ್ಯೋ ದೇವರೇ! ಪ್ರೀಮಿಯಂಗೆ ಒಂದು ನರಪಿಳ್ಳೆಯೂ ಹೆಚ್ಚಿಗೆ ಬಂದಿಲ್ಲ. ಬೇಸಿಕ್ ಕೊಳ್ಳಬೇಕಾದವರು ಗೊಂದಲಕ್ಕೆ ಬಿದ್ದೋ ಏನೋ, ಏನೂ ಕೊಳ್ಳದೆ ಎದ್ದು ಹೋಗಿದ್ದಾರೆ. ಇಪ್ಪತ್ತರಲ್ಲಿ ಆರು ಇದ್ದದ್ದು ಹದಿನೈದರಲ್ಲಿ ಆರು ಆಗಿದೆ. ಪಾಲು ಏರದೆ ಇನ್ನೇನಾಗುತ್ತೆ?

ಪ್ರಿಂಟರ್ ಹತ್ತಿರ ಭಾವನನ್ನು ಹಿಡಿದೆ. "ಇದು ನಿಮಗೆ ಮೊದಲೇ ಗೊತ್ತಿತ್ತು ತಾನೇ?"

ಅವರು ಸುತ್ತಮುತ್ತ ನೋಡಿದರು. "ಗೊತ್ತಿತ್ತು. ನಿನ್ನ ಅಕ್ಕನ ಮುಖ ನೋಡಿಯಾದ್ರೂ ಸುಮ್ಮನಿರು."

ನನಗೆ ಮೈಯೆಲ್ಲ ಉರಿಯಿತು. ಅಕ್ಕ ಊರಿಗೆಲ್ಲ ಸಾರಿದ್ದೂ ನೆನಪಾಯಿತು. ಆದರೂ ಮೀಟಿಂಗಿನಲ್ಲಿ ಎರಡೂ ಲೆಕ್ಕ ತೆರೆಯ ಮೇಲೆ ಹಾಕಿದೆ. "ಪ್ರೀಮಿಯಂ ಪಾಲು ನೂರಕ್ಕೆ ನೂರಾಗಬೇಕಾ ಸಾರ್? ಮಿಕ್ಕೆರಡನ್ನೂ ತೆಗೆದುಬಿಡಿ, ಆಗುತ್ತೆ. ಕೊಳ್ಳೋರು ಮಾತ್ರ ಹೆಚ್ಚಲ್ಲ."

ಯಜಮಾನರು ಎರಡೂ ಲೆಕ್ಕ ತಾಳೆ ನೋಡಿದರು. "ಪುಟ ತೆರೆದವರನ್ನೂ ಎಣಿಸಬೇಕು ಅಂತ ಯಾರಿಗೆ ಹೊಳೆದಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಎದ್ದು ನಿಂತಿದ್ದರು. "ನಾನೇ ಹೇಳಿದ್ದೆ ಸಾರ್. ನನ್ನ ಪ್ಲಾನೇ ಆದರೂ ಸತ್ಯ ಮುಚ್ಚಿಡಬಾರದಲ್ವಾ?"

ಯಜಮಾನರು ಎದ್ದು ಬಂದು ಅವರ ಕೈ ಕುಲುಕಿದರು. ನಡುವಿನ ಪ್ಲಾನ್ ಅಂದೇ ಹೋಯಿತು, ಭಾವ ಮುಖ್ಯಸ್ಥರಾದರು. ಸಂಜೆ ಅಕ್ಕ ಫೋನ್ ಮಾಡಿ ಸಂತೋಷಕ್ಕೆ ಅತ್ತೇಬಿಟ್ಟಳು. "ನಿನ್ನ ಭಾವನ ಪ್ರಾಮಾಣಿಕತೆ ನೋಡಿ ಕೊಟ್ಟರಂತೆ ಕಣೇ. ನೀನೂ ಅಲ್ಲೇ ಇದ್ಯಂತಲ್ಲ, ನೋಡಿದ್ಯಾ?"

"ನೋಡಿದೆ ಅಕ್ಕ," ಅಂದೆ.