ಶನಿವಾರದ ಗೋಷ್ವಾರೆ

ನನ್ನ ಕೈಬರಹದ ಬಗ್ಗೆ ನನಗಿದ್ದ ಜಂಬ ಮಂಡ್ಯದ ಪೇಟೆಗೆಲ್ಲ ಗೊತ್ತಿತ್ತು. ಅಕ್ಕಿ ಮಿಲ್ಲಿನ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಹೆಡ್ ಗುಮಾಸ್ತ ನಾನು. ಹೆಸರು ತಿಮ್ಮಯ್ಯ, ಊರು ಆತಗೂರು. ಕಂಪನಿಗೆ ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲೊಂದು ಮಿಲ್ಲು. ಎರಡಕ್ಕೂ ಒಬ್ಬರೇ ಮ್ಯಾನೇಜರು, ಅವರ ಕಚೇರಿ ಮಂಡ್ಯದಲ್ಲಿ. ಯುದ್ಧ ಬಂದಮೇಲೆ ಕಾಗದಗಳ ಹಾವಳಿ ಹೇಳತೀರದು. ಬೆಂಗಳೂರಿನ ಮುಖ್ಯ ಕಚೇರಿಯ ಸುತ್ತೋಲೆ, ಆಹಾರ ಇಲಾಖೆಯ ಹುಕುಂ, ತಾಲ್ಲೂಕು ಕಚೇರಿಯ ಜ್ಞಾಪನ, ಎಲ್ಲ ಮಿಲ್ಲುಗಳಿಗೆ ಬಂದು, ಅಲ್ಲಿಂದ ಕಳಿಸಿದ ತಾರೀಖಿನ ಒಂದೊಂದು ರವಾನೆ ಚೀಟಿ ಮೇಲೆ ಹೊದ್ದುಕೊಂಡು ನನ್ನ ಮೇಜಿಗೆ ಬರುತ್ತಿದ್ದವು.

ಮ್ಯಾನೇಜರಿಗೆ ಅಷ್ಟನ್ನೂ ಓದಲು ಪುರುಸೊತ್ತಿಲ್ಲ. ಅದಕ್ಕೇ ಶನಿವಾರ ಸಾಯಂಕಾಲ ನಾಲ್ಕಕ್ಕೆ ನಾನೊಂದು ಗೋಷ್ವಾರೆ, ಅಂದರೆ ವಾರದ ಕಾಗದಗಳ ಸಾರಾಂಶ, ಒಪ್ಪಿಸಬೇಕು. ಒಂದೇ ಹಾಳೆ, ಮೀರುವ ಹಾಗಿಲ್ಲ. ಮೊದಲು ಆ ವಾರ ಬಂದ ಸುತ್ತೋಲೆಗಳು, ಆಮೇಲೆ ಅವರ ರುಜುವಿಗೆ ಕಾದಿರುವ ಕಾಗದಗಳು, ಕೊನೆಗೆ ವಾಯಿದೆಗಳು. ಏಳು ದಿನದೊಳಗೆ ಮುಗಿಯುವ ವಾಯಿದೆ ಕೆಂಪು ಶಾಯಿಯಲ್ಲಿ, ಮಿಕ್ಕವು ಕಪ್ಪಿನಲ್ಲಿ. ಕೆಂಪು ಕಂಡರೆ ಅವರು ಅಲ್ಲೇ ಕಡತ ತರಿಸಿ ರುಜು ಹಾಕುತ್ತಿದ್ದರು. ಕಪ್ಪಾದರೆ ಮುಂದಿನ ವಾರಕ್ಕೆ. ಈ ಪದ್ಧತಿ ಹುಟ್ಟಿಸಿದವನೂ ನಾನೇ, ಅದನ್ನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ.

ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿ, ಮಾರ್ಚ್ ಹದಿನೆಂಟು, ಸೋಮವಾರ. ಮಳವಳ್ಳಿ ಮಿಲ್ಲಿನ ತಪಾಲು ಚೀಲ ಹೊತ್ತು ಜವರಯ್ಯ ಬಂದ. ಅವನು ಅಲ್ಲಿ ಬಾಯ್ಲರಿಗೆ ಬೆಂಕಿ ಹಾಕುವವನು. ಸೋಮವಾರ ಬಾಯ್ಲರ್ ಆರಿಸುವ ದಿನವಾದ್ದರಿಂದ ಚೀಲ ಅವನ ಹೆಗಲಿಗೆ. ಯುದ್ಧದ ಕಾಲದಲ್ಲಿ ಹಂಗಾಮಿಯಾಗಿ ಸೇರಿದವನು ಐದು ವರ್ಷದಿಂದಲೂ ಹಂಗಾಮಿಯೇ. ನಡುವೆ ಮಿಲ್ಲಿನ ಯಂತ್ರದ ಬೆಲ್ಟು ಅವನ ಬಲಗೈಯ ಎರಡು ಬೆರಳು ತಿಂದಿತ್ತು. ಇನ್ನೆಲ್ಲಾದರೂ ಕೆಲಸ ಕೇಳಲು ಹೋದರೆ ಜನ ಮೊದಲು ಆ ಕೈ ನೋಡುತ್ತಿದ್ದರು.

ಆ ತಿಂಗಳು ಮುಖ್ಯ ಕಚೇರಿಯಿಂದ ಒಂದು ಸುತ್ತೋಲೆ ಬಂದಿತ್ತು. ಯುದ್ಧ ಮುಗಿಯಿತು, ಹಂಗಾಮಿ ಆಳುಗಳನ್ನು ಬಿಡಿಸಬೇಕು. ಯಾರನ್ನು ಕಾಯಂ ಮಾಡಬೇಕೋ ಅವರ ಪಟ್ಟಿ ಮ್ಯಾನೇಜರ ರುಜುವಿನೊಂದಿಗೆ ಹದಿನೈದು ದಿನದೊಳಗೆ ಮುಖ್ಯ ಕಚೇರಿ ಮುಟ್ಟಬೇಕು. ಮುಟ್ಟದಿದ್ದರೆ ಏಪ್ರಿಲ್ ಒಂದರಿಂದ ಅವರಿಗೆ ಕೆಲಸವಿಲ್ಲ. ಮಳವಳ್ಳಿಯವರು ಆರು ಹೆಸರಿನ ಪಟ್ಟಿ ಲಗತ್ತಿಸಿ ನಮಗೆ ಕಳಿಸಿದ್ದರು. ಮೊದಲನೆಯ ಹೆಸರೇ ಜವರಯ್ಯ.

ಪಟ್ಟಿ ಹೋಯಿತೇ ಎಂದು ಅವನು ಹೋದ ಸೋಮವಾರವೂ ಕೇಳಿದ್ದ, ಈ ಸೋಮವಾರವೂ ಕೇಳಿದ. ನನಗೆ ರೇಗಿತು.

"ಇಪ್ಪತ್ತಾರ್‌ಗಂಟ ವಾಯ್ದೆ ಅದೆ ಕಣಯ್ಯ. ಸಾಯೇಬ್ರು ರುಜು ಆಕ್ತಾರೆ, ಓಯ್ತದೆ. ಸುಮ್ನೆ ತಲೆ ತಿನ್ಬ್ಯಾಡ."

"ಆಗ್ಲಿ ಬುಡಿ ಸ್ವಾಮಿ. ನಮ್ಗೇನ್ ಓದಕ್ ಬತ್ತದಾ? ನೀವೇಳಿದ್ದೇ ನಮ್ಗೆ," ಎಂದು ಅವನು ಜಗಲಿಯ ಮೇಲೆ ಕೂತು ಬುತ್ತಿ ಬಿಚ್ಚಿದ.

ನಾನು ಅಂದಿನ ತಪಾಲು ಒಡೆಯತೊಡಗಿದೆ. ಮದ್ದೂರು ಮಿಲ್ಲಿನ ಲಕೋಟೆಯಲ್ಲಿ ಅದೇ ಸುತ್ತೋಲೆಯ ಇನ್ನೊಂದು ಪ್ರತಿ ಇತ್ತು. ತಮ್ಮಲ್ಲಿ ಹಂಗಾಮಿಯವರು ಯಾರೂ ಇಲ್ಲವೆಂದು ಶರಾ ಬರೆದು ಮಾಹಿತಿಗಾಗಿ ಕಳಿಸಿದ್ದರು. ರೂಢಿಯಂತೆ ನಾನು ರವಾನೆ ಚೀಟಿ ನೋಡಿದೆ. ಮಾರ್ಚ್ ಹದಿನೈದು. ಹದಿನೈದಕ್ಕೆ ಹದಿನೈದು ಕೂಡಿಸಿ, ವಾಯಿದೆ ಮೂವತ್ತು ಎಂದು ಬರೆಯಲು ಲೇಖನಿ ಎತ್ತಿದೆ.

ಕೈ ಅಲ್ಲೇ ನಿಂತಿತು. ಒಂದೇ ಸುತ್ತೋಲೆ. ಮಳವಳ್ಳಿಗೆ ಇಪ್ಪತ್ತಾರು, ಮದ್ದೂರಿಗೆ ಮೂವತ್ತು, ಅದು ಹೇಗೆ?

ಚೀಟಿ ಎತ್ತಿ ಅಡಿಯ ಕಾಗದ ನೋಡಿದೆ. ಬಲಗಡೆ ಮೇಲ್ಗಡೆ ಟೈಪು ಮಾಡಿತ್ತು, ಮಾರ್ಚ್ ನಾಲ್ಕು. ಎರಡನೆಯ ಕಲಮಿನಲ್ಲಿ, ಈ ಸುತ್ತೋಲೆಯ ತಾರೀಖಿನಿಂದ ಹದಿನೈದು ದಿನ. ಚೀಟಿಯ ತಾರೀಖಿನಿಂದಲ್ಲ. ನಾನು ಮಳವಳ್ಳಿಯ ಚೀಟಿ ಮಾತ್ರ ನೋಡಿ, ಹನ್ನೊಂದಕ್ಕೆ ಹದಿನೈದು ಕೂಡಿಸಿ ಕೂತಿದ್ದೆ. ವಾಯಿದೆ ಹತ್ತೊಂಬತ್ತು. ನಾಳೆ.

ಶನಿವಾರದ ಗೋಷ್ವಾರೆಯ ನಕಲು ತೆಗೆದು ನೋಡಿದೆ. ನನ್ನ ಮುದ್ದಾದ ಅಕ್ಷರದಲ್ಲಿ 'ಹಂಗಾಮಿ ನೌಕರರ ಪಟ್ಟಿ, ವಾಯಿದೆ ೨೬'. ಹತ್ತು ದಿನ ಇದೆಯೆಂದು ಕಪ್ಪು ಶಾಯಿ. ಕೆಂಪಿನಲ್ಲಿ ಬರೆದಿದ್ದರೆ ಶನಿವಾರವೇ ರುಜು ಬೀಳುತ್ತಿತ್ತು. ಮ್ಯಾನೇಜರು ಅದರ ಮುಂದೆ 'ಮುಂದಿನ ವಾರ' ಎಂದು ಗೀಚಿ, ಸೋಮವಾರ ಬೆಳಿಗ್ಗೆಯೇ ಮದ್ದೂರು ಮಿಲ್ಲಿನ ತಪಾಸಣೆಗೆ ಹೋಗಿದ್ದರು. ರಾತ್ರಿ ಅಲ್ಲಿನ ಬಂಗಲೆಯಲ್ಲಿ ತಂಗಿ, ಮರುದಿನ ಮೈಸೂರಿಗೆ. ತಂತಿ ಕೊಟ್ಟು ಉಪಯೋಗವಿಲ್ಲ, ತಂತಿಯಲ್ಲಿ ರುಜು ಹೋಗುವುದಿಲ್ಲ. ಮಾಮೂಲಿ ಕಾಗದಗಳಿಗೆ ಅವರ ಪರವಾಗಿ ನಾನು ರುಜು ಹಾಕಬಹುದಿತ್ತು. ನೇಮಕಾತಿಗೆ ಆ ಅಧಿಕಾರ ನನಗಿರಲಿಲ್ಲ.

ಪಟ್ಟಿ, ಸುತ್ತೋಲೆ, ಕಚೇರಿಯ ಮೊಹರು ಎಲ್ಲ ಚೀಲಕ್ಕೆ ತುರುಕಿ ಹೊರಗೆ ಬಂದೆ. ಜವರಯ್ಯ ಕೈ ತೊಳೆಯುತ್ತಿದ್ದ. ಮದ್ದೂರಿಗೆ ಹೋಗಿ ಇವತ್ತೇ ರುಜು ಹಾಕಿಸಬೇಕು, ನಡಿ ಅಂದೆ. ಯಾಕೆಂದು ಅವನು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

ಮಧ್ಯಾಹ್ನದ ರೈಲು ಹೊರಟುಹೋಗಿತ್ತು. ಇದ್ದದ್ದು ಇದ್ದಿಲಿನ ಬಸ್ಸು. ಪೆಟ್ರೋಲಿಗೆ ಬರ ಬಂದಮೇಲೆ ಬಸ್ಸಿನ ಹಿಂದೆ ಒಲೆ ಕಟ್ಟಿ, ಇದ್ದಿಲಿನ ಹೊಗೆಯಲ್ಲಿ ಓಡಿಸುತ್ತಿದ್ದರು. ಮದ್ದೂರು ಇನ್ನೂ ಮೂರು ಮೈಲಿ ಇರುವಾಗ ಅದು ಕೆಮ್ಮಿ ನಿಂತುಕೊಂಡಿತು. ಕ್ಲೀನರು ಇಳಿದು ಒಲೆ ಕೆದಕಿದ, ತಿದಿ ಒತ್ತಿದ, ಅರ್ಧ ಗಂಟೆ ಕಳೆಯಿತು. ಮಿಲ್ಲು ಐದೂವರೆಗೆ ಮುಚ್ಚಿದರೆ ಸಾಹೇಬರು ಯಾರ ಮನೆಗೆ ಊಟಕ್ಕೆ ಹೋಗುತ್ತಾರೋ, ಯಾರಿಗೆ ಗೊತ್ತು? ಜವರಯ್ಯ ಕ್ಲೀನರನ್ನು ಪಕ್ಕಕ್ಕೆ ಸರಿಸಿ, ತಾನೇ ಒಲೆಯ ಬಾಯಿ ತೆಗೆದು, ಮೂರು ಬೆರಳಲ್ಲಿ ಸಲಾಕೆ ಹಿಡಿದು ಬೂದಿ ಎಳೆದ. ಬೆಂಕಿಯ ಕೆಲಸ ಅವನಿಗೆ ಹೇಳಿಕೊಡಬೇಕೆ? ಐದು ನಿಮಿಷದಲ್ಲಿ ಬಸ್ಸು ಹೊರಟಿತು.

ಅವನು ಮುಖದ ಮಸಿ ಒರೆಸಿಕೊಳ್ಳುತ್ತ ನನ್ನ ಪಕ್ಕ ಬಂದು ನಿಂತ. ಕೂತುಕೋ ಅಂದರೂ ಕೂರಲಿಲ್ಲ.

"ನಮ್ಮಂತೋರ್ಗೋಸ್ಕರ ಯಾವ್ ಗುಮಾಸ್ತ ಇಂಗೆ ಓಡ್ ಬತ್ತಾನೆ ಸ್ವಾಮಿ? ನಮ್ ಬೆಟ್ಟಮ್ಮಂಗೇಳ್ತೀನಿ, ದಿನಾ ನಿಮ್ಮೆಸ್ರಲ್ಲಿ ಒಂದ್ ದೀಪ ಅಚ್ಚು ಅಂತ."

ಬೆಟ್ಟಮ್ಮ ಅವನ ಹೆಂಡತಿ. ನಾನು ಕಿಟಕಿಯ ಕಡೆ ತಿರುಗಿದೆ. ಅಲ್ಲಿಯತನಕ ನಾನು ಮ್ಯಾನೇಜರಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಮಳವಳ್ಳಿಯ ಗುಮಾಸ್ತ ಕೆಂಪಸಿದ್ದಯ್ಯ ಏಳು ದಿನ ಕಾಗದ ಇಟ್ಟುಕೊಂಡಿದ್ದ, ಅವನ ಚೀಟಿಯಿಂದಲೇ ಗೊಂದಲವಾಯಿತು, ಎಂದು. ಅದರಲ್ಲಿ ಸುಳ್ಳೂ ಇರಲಿಲ್ಲ. ಅವನು ಇಟ್ಟುಕೊಂಡಿದ್ದು ನಿಜವೇ. ಆದರೆ ಚೀಟಿ ಎತ್ತಿ ಅಡಿಯ ಕಾಗದ ಓದಬೇಕಾದವನು ನಾನು.

ಮಿಲ್ಲಿನ ಗೇಟು ಮುಚ್ಚುವ ಹೊತ್ತಿಗೆ ತಲುಪಿದೆವು. ಮ್ಯಾನೇಜರು ಜಟಕಾ ಹತ್ತಲು ಕಾಲಿಟ್ಟಿದ್ದರು. ನನ್ನನ್ನು ನೋಡಿ ಕಾಲು ಕೆಳಗಿಳಿಸಿದರು. ಜವರಯ್ಯ ದೂರದಲ್ಲಿ ಗೇಟಿನ ಬಳಿಯೇ ನಿಂತ. ಒಳಗೆ ಕೋಣೆಗೆ ಹೋಗಿ ನಾನು ಎರಡು ಚೀಟಿ, ಎರಡು ಸುತ್ತೋಲೆ ಅವರ ಮುಂದಿಟ್ಟೆ. ಜೋಡಿಸಿಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಚೀಟಿಯ ತಾರೀಖು ಹಿಡಿದು ಲೆಕ್ಕ ಹಾಕಿದೆ, ಮೂಲ ನೋಡಲಿಲ್ಲ, ತಪ್ಪು ನನ್ನದು, ವಾಯಿದೆ ನಾಳೆ, ಎಂದೆ. ಕೆಲಸದಿಂದ ತೆಗೆದರೂ ತೆಗೆಯಲಿ, ಮೊದಲು ರುಜು ಬೀಳಲಿ ಅನ್ನಿಸಿತ್ತು.

ಅವರು ಕಾಗದ ಮುಟ್ಟಲಿಲ್ಲ. ಕೋಟಿನ ಜೇಬಿನಿಂದ ಶನಿವಾರದ ಗೋಷ್ವಾರೆ ತೆಗೆದು ಮೇಜಿನ ಮೇಲೆ ಹರವಿ, ಆ ಸಾಲಿನ ಮೇಲೆ ಬೆರಳಿಟ್ಟರು.

"ತಿಮ್ಮಯ್ಯ, ಈ ಹಾಳೆ ಬಿಟ್ಟರೆ ನಾನು ಬೇರೇನೂ ಓದುವುದಿಲ್ಲ. ನಿಮಗೆ ಗೊತ್ತಲ್ಲ?"

ಗೊತ್ತು ಅಂದೆ. ಮಧ್ಯಾಹ್ನ ಜವರಯ್ಯ ಹೇಳಿದ್ದೂ ಇದೇ ಮಾತು. ಓದು ಬಾರದವನೂ ಇಂಗ್ಲಿಷು ಓದಿದವರೂ ಒಂದೇ ಹಾಳೆಯನ್ನು ನಂಬಿಕೊಂಡಿದ್ದರು. ಆ ಹಾಳೆಯನ್ನು ನಾನು ಅಕ್ಷರ ಚೆಂದವಾಗಿದ್ದರೆ ಸಾಕೆಂದು ಬರೆದಿದ್ದೆ.

ಮ್ಯಾನೇಜರು ಆರು ಹೆಸರನ್ನೂ ಒಂದೊಂದಾಗಿ ಓದಿ, ರುಜು ಹಾಕಿ, ತಾರೀಖು ಹಾಕಿದರು. ನಾನು ಮೊಹರು ಒತ್ತಿದೆ. ತಪಾಲಿಗೆ ಹಾಕಬೇಡಿ, ನಾಳೆ ಬೆಳಗಿನ ರೈಲಿಗೆ ನೀವೇ ಬೆಂಗಳೂರಿಗೆ ಹೋಗಿ, ತಲುಪಿದ್ದಕ್ಕೆ ಮೊಹರು ಹಾಕಿಸಿಕೊಂಡು ಬನ್ನಿ ಎಂದರು. ಬಾಗಿಲ ತನಕ ಹೋದವರು ಹಿಂತಿರುಗಿದರು.

"ಮುಂದಿನ ಗೋಷ್ವಾರೆಯಲ್ಲಿ ಈ ತಪ್ಪು ಮೊದಲನೆಯ ಸಾಲಾಗಿ ಬರಬೇಕು. ಕೆಂಪು ಶಾಯಿಯಲ್ಲಿ."

ಮಂಗಳವಾರ ಹನ್ನೆರಡೂವರೆಗೆ ಮುಖ್ಯ ಕಚೇರಿಯ ತಪಾಲು ಗುಮಾಸ್ತ ಪಟ್ಟಿ ತೆಗೆದುಕೊಂಡ. ಇವತ್ತೇ ಕೊನೆಯ ದಿನ, ಗೊತ್ತು ತಾನೇ, ಎಂದು ಕನ್ನಡಕದ ಮೇಲಿಂದ ನೋಡಿ, ನಮ್ಮ ಪ್ರತಿಯ ಮೇಲೆ ತಾರೀಖಿನ ಮೊಹರು ಗುದ್ದಿದ. ಹತ್ತೊಂಬತ್ತು ಎಂಬುದು ಚೆನ್ನಾಗಿ ಮೂಡಿತ್ತು. ಅದನ್ನು ಮೂರು ಸಲ ನೋಡಿಕೊಂಡೆ.

ಶನಿವಾರ ಗೋಷ್ವಾರೆ ಬರೆದೆ. ಮೊದಲನೆಯ ಸಾಲು ಬರೆಯಲು ಬಹಳ ಹೊತ್ತು ಹಿಡಿಯಿತು, ಅಕ್ಷರ ವಕ್ರವಾಯಿತು. ಮ್ಯಾನೇಜರು ಪಕ್ಕದಲ್ಲಿ ಸಣ್ಣ ರುಜು ಹಾಕಿದರು.

ಸೋಮವಾರ ಜವರಯ್ಯ ಬಂದಾಗ ಚೀಲದ ಜೊತೆ ಬಾಳೆ ಎಲೆಯಲ್ಲಿ ಸುತ್ತಿದ ಎರಡು ಅಚ್ಚು ಬೆಲ್ಲ ಇತ್ತು. ಬೆಟ್ಟಮ್ಮ ಕೊಟ್ಟಳಂತೆ. ಮೇಜಿನ ಮೇಲಿಟ್ಟು ಕೈಮುಗಿದ. ತಡೆಯಲಾಗಲಿಲ್ಲ. ಗೋಷ್ವಾರೆಯ ನಕಲು ತೆಗೆದು, ಕೂತುಕೋ, ಇದನ್ನು ಕೇಳು ಅಂದೆ. ಓದಿದೆ.

"ಮಳವಳ್ಳಿ ಹಂಗಾಮಿ ನೌಕರರ ಪಟ್ಟಿಯ ವಾಯಿದೆಯನ್ನು ಕಳೆದ ಗೋಷ್ವಾರೆಯಲ್ಲಿ ಹತ್ತೊಂಬತ್ತರ ಬದಲು ಇಪ್ಪತ್ತಾರೆಂದು ಬರೆಯಲಾಗಿತ್ತು. ಮೂಲ ಕಾಗದ ನೋಡದೆ ಬರೆದದ್ದು ಹೆಡ್ ಗುಮಾಸ್ತನ ತಪ್ಪು."

ಅವನು ಇನ್ನೊಮ್ಮೆ ಓದಿ ಅಂದ. ಓದಿದೆ. ಅವನ ಮುಖದಲ್ಲಿದ್ದ ನಗು ಮೆಲ್ಲಗೆ ಹೋಯಿತು. ಹೆಡ್ ಗುಮಾಸ್ತ ಅಂದರೆ ಯಾರು ಅಂತ ಕೇಳಿದ. ನಾನೇ ಅಂದೆ. ಹಾಗಾದರೆ ಆ ಸೋಮವಾರ ಬೈದಾಗಲೂ ನಿಮಗೆ ಗೊತ್ತಿರಲಿಲ್ಲವೇ ಅಂದ. ಇಲ್ಲ ಅಂದೆ.

ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ, ಬೆಲ್ಲವನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ. ತನ್ನ ಮೂರು ಬೆರಳಿನ ಕೈ ನೋಡಿಕೊಂಡ. ಆಮೇಲೆ ಮೇಜಿನ ಮೇಲಿದ್ದ ಕಾಗದದ ಕಟ್ಟಿನತ್ತ ಗದ್ದ ತೋರಿಸಿದ.

"ಈ ವಾರದ್ ಕಾಗ್ದದಲ್ಲಿ ಇನ್ ಯಾರ್ಯಾರೆಸ್ರಿದ್ದಾವೋ. ಒಂದೊಂದೇ ಎತ್ತಿ ಅಡೀಲ್ ನೋಡಿ ಸ್ವಾಮಿ. ನಾನಿಲ್ಲೇ ಕುಂತಿರ್ತೀನಿ."

ಹೊಸಿಲ ಮೇಲೆ ಕೂತ. ನಾನು ಮೊದಲನೆಯ ಚೀಟಿ ಎತ್ತಿ, ಅಡಿಯ ಕಾಗದದ ತಾರೀಖನ್ನು ಅವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ. ಮಳವಳ್ಳಿಯ ಬಸ್ಸು ಹೋದರೂ ಅವನು ಏಳಲಿಲ್ಲ. ಕಟ್ಟು ಮುಗಿದ ಮೇಲೆಯೇ ಎದ್ದ.